ಹನ್ನೆರಡು ವಾರದ ನಡಿಗೆ, ಜೊತೆಗೆ ಶೂ ಲೆಕ್ಕ

ಹನ್ನೆರಡು ವಾರದ ವಾಕಿಂಗ್ ಪ್ಲಾನ್ ಈ ಭಾನುವಾರಕ್ಕೆ ಮುಗಿಯಿತು. ಶುರು ಮಾಡಿದಾಗ ಒಂದೂವರೆ ಕಿ.ಮೀ. ನಡೆದರೆ ಸಾಕಪ್ಪಾ ಅನ್ನಿಸುತ್ತಿತ್ತು, ಈಗ ಐದು ಕಿ.ಮೀ. ಆಗುತ್ತದೆ. ದೂರದ ಲೆಕ್ಕವನ್ನು ಫೋನೇ ಇಟ್ಟುಕೊಳ್ಳುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದು ಬೇರೆ: ಕಾಲಿಗೆ ಎಲ್ಲಿ ಕಿರಿಕಿರಿಯಾಯಿತು, ಎಷ್ಟು ದೂರ ಹೋದ ಮೇಲೆ ಶುರುವಾಯಿತು, ಶೂ ಬಿಚ್ಚಿದ ಮೇಲೆ ಹೋಯಿತಾ ಇಲ್ಲವಾ. ಒಂದು ನಡಿಗೆಗೆ ಒಂದೇ ಸಾಲು.

ಪ್ಲಾನ್ ತೀರಾ ಸರಳ. ವಾರಕ್ಕೆ ನಾಲ್ಕು ದಿನ ನಡಿಗೆ. ಮೂರು ದಿನ ಮನೆ ಹತ್ತಿರದ ಡಾಂಬರು ರಸ್ತೆಯಲ್ಲಿ ಚಿಕ್ಕ ನಡಿಗೆ, ಭಾನುವಾರ ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಸ್ವಲ್ಪ ಉದ್ದದ್ದು. ಮೊದಲ ವಾರ ನಾಲ್ಕೂ ದಿನ ಒಂದೂವರೆ ಕಿ.ಮೀ. ಆಮೇಲೆ ಒಂದು ಸಲಕ್ಕೆ ಅರ್ಧ ಕಿ.ಮೀ. ಏರಿಸುವುದು, ಅದೂ ಎಲ್ಲ ವಾರ ಅಲ್ಲ. ನಾಲ್ಕನೇ ಮತ್ತು ಎಂಟನೇ ವಾರ ಬೇಕೆಂದೇ ದೂರ ಇಳಿಸಿದ್ದೆ. ಉಸಿರು ಬೇಗ ಪಳಗುತ್ತದೆ, ಪಾದದ ಮೂಳೆ, ಸ್ನಾಯುರಜ್ಜುಗಳಿಗೆ ಜಾಸ್ತಿ ಸಮಯ ಬೇಕು. ಇಳಿಸಿದ ವಾರ ಅವಕ್ಕೆ. ವೇಗಕ್ಕೆ ಗಡಿಯಾರ ನೋಡಲಿಲ್ಲ. ಪಕ್ಕದವರ ಜೊತೆ ಮಾತಾಡುತ್ತಾ ನಡೆಯಬಹುದು ಆದರೆ ಹಾಡು ಹೇಳಲು ಆಗಬಾರದು, ಅಷ್ಟು.

1ರಿಂದ 4ನೇ ವಾರ

ಮೊದಲೆರಡು ವಾರ ಮೀನಖಂಡ ಬಿಗಿಯಾಗುತ್ತಿತ್ತು. ಎರಡೂ ಕಾಲಿನಲ್ಲಿ ಒಂದೇ ಥರ, ಮಾರನೇ ದಿನ ಜಾಸ್ತಿ, ಮೂರನೇ ದಿನಕ್ಕೆ ಮಾಯ. ಇದು ಅಭ್ಯಾಸವಿಲ್ಲದ ಕಾಲಿನ ನೋವು, ಶೂಗೂ ಇದಕ್ಕೂ ಸಂಬಂಧವಿಲ್ಲ.

ಮೂರನೇ ವಾರ ಶೂ ಒಳಗೆ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಿದೆ ಎಂದು ಗೊತ್ತಾಯಿತು. ಹಿಮ್ಮಡಿ ಹಿಂಭಾಗ ಕೆಂಪಾಗಿತ್ತು, ಗುಳ್ಳೆ ಎದ್ದಿರಲಿಲ್ಲ. ಇದಕ್ಕೆ ಪರಿಹಾರ ಶೂನಲ್ಲೇ ಇರುತ್ತದೆ. ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಒಂದು ಹೆಚ್ಚುವರಿ ತೂತು ಇರುತ್ತದಲ್ಲ, ಯಾರೂ ಲೇಸ್ ಹಾಕದ್ದು, ಅದೇ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಗೆ ತೂರಿಸಿ, ಪೂರ್ತಿ ಎಳೆಯದೆ ಚಿಕ್ಕ ಕುಣಿಕೆ ಬಿಡಬೇಕು. ಎರಡೂ ಬದಿ ಹಾಗೆ ಮಾಡಿ, ಎಡಗಡೆ ಲೇಸನ್ನು ಬಲಗಡೆ ಕುಣಿಕೆಯಲ್ಲಿ, ಬಲಗಡೆಯದನ್ನು ಎಡಗಡೆಯದರಲ್ಲಿ ತೂರಿಸಿ ಕೆಳಮುಖವಾಗಿ ಎಳೆದು ಗಂಟು ಹಾಕಿದರೆ ಹಿಮ್ಮಡಿ ಅಲ್ಲಾಡುವುದಿಲ್ಲ. ಪಾದದ ಮೇಲ್ಭಾಗದ ಲೇಸ್ ಬಿಗಿ ಮಾಡುವ ಅಗತ್ಯವೂ ಬರಲಿಲ್ಲ.

5ರಿಂದ 8ನೇ ವಾರ

ನಿಜವಾದ ಪತ್ತೇದಾರಿ ಕೆಲಸ ಇಲ್ಲೇ. ಭಾನುವಾರದ ನಡಿಗೆ ಮೂರು ಕಿ.ಮೀ. ಆದಾಗ ಎಡಗಾಲಿನ ಕಿರುಬೆರಳ ಹೊರಬದಿ ಉರಿಯಲು ಶುರುವಾಯಿತು. ಚಿಕ್ಕ ನಡಿಗೆಗಳಲ್ಲಿ ಏನೂ ಇಲ್ಲ. ನೋಟ್‌ಬುಕ್ ತಿರುವಿ ನೋಡಿದರೆ ಪ್ರತಿ ಸಲವೂ ಸುಮಾರು ಎರಡೂವರೆ ಕಿ.ಮೀ. ಆದ ಮೇಲೆ, ಅದೇ ಜಾಗದಲ್ಲಿ, ಎಡಗಾಲಿಗೆ ಮಾತ್ರ. ಶೂ ಬಿಚ್ಚಿದ ಹತ್ತು ನಿಮಿಷಕ್ಕೆ ಕಡಿಮೆ. ಒಂದೇ ಜಾಗ, ಒಂದೇ ದೂರ, ಬಿಚ್ಚಿದರೆ ಆರಾಮ ಅಂದರೆ ಬಹುತೇಕ ಶೂನದ್ದೇ ಕಿತಾಪತಿ.

ಮೊದಲು ಸಾಕ್ಸ್ ಬದಲಿಸಿದೆ. ಹತ್ತಿ ಸಾಕ್ಸ್ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಚರ್ಮ ಬೇಗ ಉಜ್ಜಿಹೋಗುತ್ತದೆ. ತೆಳು ಪಾಲಿಯೆಸ್ಟರ್ ಸಾಕ್ಸ್ ಹಾಕಿದಾಗ ಉರಿ ಸ್ವಲ್ಪ ತಡವಾಗಿ ಬಂತು, ಬರುವುದಂತೂ ಬಂತು. ಹಾಗಾಗಿ ಶೂ ಒಳಗಿನ ಇನ್‌ಸೋಲ್ ಹೊರತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ಬರಿಗಾಲಲ್ಲಿ ಪೂರ್ತಿ ಭಾರ ಬಿಟ್ಟು ನಿಂತೆ. ಸಂಜೆ, ನಡೆದು ಬಂದ ಮೇಲೆ. ಪಾದ ಬೆಳಗ್ಗೆಗಿಂತ ಆಗ ಊದಿರುತ್ತದೆ, ಅದೇ ನಿಜವಾದ ಅಳತೆ. ಬಲಗಾಲು ಇನ್‌ಸೋಲ್ ಒಳಗೇ ಇತ್ತು. ಎಡಗಾಲಿನ ಕಿರುಬೆರಳು ಅರ್ಧದಷ್ಟು ಅಂಚು ದಾಟಿ ನೆಲ ಮುಟ್ಟುತ್ತಿತ್ತು. ಉದ್ದಕ್ಕೆ ತೊಂದರೆಯಿಲ್ಲ, ಬೆರಳ ಮುಂದೆ ಕೈ ಹೆಬ್ಬೆರಳಿನಷ್ಟು ಅಗಲದ ಜಾಗವಿದೆ. ಎಡಗಾಲಿಗೆ ಅಗಲ ಸಾಲದು, ಅಷ್ಟೇ. ಇಂಥದ್ದಕ್ಕೆ ಒಂದು ನಂಬರ್ ದೊಡ್ಡ ಶೂ ಕೊಂಡರೆ ಉದ್ದವೂ ಜಾಸ್ತಿಯಾಗಿ ಹಿಮ್ಮಡಿ ಮತ್ತೆ ಜಾರುತ್ತದೆ. ಮುಂಭಾಗ ಅಗಲವಿರುವ ಶೂ ಬೇಕು.

ಅಲ್ಲಿಯವರೆಗೆ ಎಡ ಶೂಗೆ ಮಾತ್ರ ಲೇಸನ್ನು ಬೇರೆ ಥರ ಹಾಕಿದೆ. ಬೆರಳುಗಳ ಹತ್ತಿರದ ಮೊದಲ ಜೋಡಿ ತೂತು ಬಿಟ್ಟು ಎರಡನೆಯದರಿಂದ ಶುರು. ಮುಂಭಾಗದ ಬಟ್ಟೆ ಸಡಿಲವಾಗಿ ಪಾದ ಹರಡಿಕೊಳ್ಳಲು ಜಾಗ ಸಿಗುತ್ತದೆ. ಮೂರೂವರೆ ಕಿ.ಮೀ.ವರೆಗೆ ಇದರಲ್ಲೇ ನಡೆಯಿತು. ಸೋಲ್ ಅಗಲವಂತೂ ಲೇಸಿನಿಂದ ಬದಲಾಗುವುದಿಲ್ಲ, ಆದ್ದರಿಂದ ನಾಲ್ಕರಾಚೆಗೆ ಇದನ್ನು ನಂಬುವ ಹಾಗಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ನೋವನ್ನೂ ಶೂ ಮೇಲೆ ಹಾಕಬೇಡಿ. ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಕೆಳಗೆ ಚುಚ್ಚಿದರೆ ಅದು ಅಂಗಾಲಿನ ಪಟ್ಟಿ ಎಳೆದಿರುವ ಲಕ್ಷಣ ಇರಬಹುದು. ಮೂಳೆಯ ಒಂದೇ ಬಿಂದುವನ್ನು ಒತ್ತಿದರೆ ನೋವು, ದಿನದಿಂದ ದಿನಕ್ಕೆ ಜಾಸ್ತಿ ಅಂದರೆ ನಡಿಗೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗುಳ್ಳೆ ಎದ್ದದ್ದೇ ಗೊತ್ತಾಗದು. ಅವರು ದಿನವೂ ಪಾದವನ್ನು ಕಣ್ಣಾರೆ ನೋಡಬೇಕು, ಬೆರಳ ಸಂದಿಯಲ್ಲೂ.

9ರಿಂದ 12ನೇ ವಾರ

ಮುಂಭಾಗ ಅಗಲವಾದ ಇನ್ನೊಂದು ಜೋಡಿ ಬಂತು. ಅಂಗಡಿಗೆ ಸಂಜೆಯೇ ಹೋದೆ, ಇನ್‌ಸೋಲ್ ತೆಗೆದು ನಿಂತು ನೋಡಿದೆ. ಅಂಗಡಿಯ ಹುಡುಗ "ಸಾರ್, ಹಾಕ್ಕೊಂಡೇ ನೋಡಿ" ಅಂತ ನಕ್ಕ. ಹಾಕಿಯೂ ನೋಡಿದೆ. ಮೊದಲ ವಾರ ಚಿಕ್ಕ ನಡಿಗೆಗೆ ಮಾತ್ರ ಬಳಸಿ, ಆಮೇಲೆ ಭಾನುವಾರಕ್ಕೆ ತಂದೆ. ನಾಲ್ಕು, ನಾಲ್ಕೂವರೆ, ಐದು ಕಿ.ಮೀ. ಕಿರುಬೆರಳು ಸುಮ್ಮನಿದೆ. ನಡಿಗೆ ಬಗ್ಗೆ ಈ ವಾರಗಳಲ್ಲಿ ಬರೆಯಲು ಬೇರೆ ಏನೂ ಇಲ್ಲ.

ಒಂದು ದಿನ ಮಳೆಗೆ ಸಿಕ್ಕಿ ಶೂ ಪೂರ್ತಿ ನೆನೆಯಿತು. ಇನ್‌ಸೋಲ್ ತೆಗೆದು, ಒಳಗೆ ಹಳೇ ಪೇಪರ್ ತುರುಕಿ, ಒದ್ದೆಯಾದಾಗಲೆಲ್ಲ ಬದಲಿಸಿ, ಫ್ಯಾನ್ ಕೆಳಗೆ ಒಣಗಿಸಿದೆ. ಜೋರು ಬಿಸಿಲಿಗೆ ಇಟ್ಟರೆ ಸೋಲ್ ಅಂಟು ಬಿಡುವ ಅಪಾಯವಿದೆ.

ಈಗ ಹಳೇ ಜೋಡಿಯ ಸ್ಥಿತಿ. ನಾಲ್ಕು ವಾರಕ್ಕೊಮ್ಮೆ ಸೋಲ್ ಫೋಟೋ ತೆಗೆದಿದ್ದೆ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿದೆ. ಕಾಲು ನೆಲಕ್ಕೆ ಮೊದಲು ತಾಗುವುದೇ ಅಲ್ಲಿ, ಅದು ಸಹಜ. ಎರಡೂ ಶೂಗಳನ್ನು ಟೇಬಲ್ ಮೇಲಿಟ್ಟು ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ನೋಡಿದೆ: ನೆಟ್ಟಗೆ ನಿಂತಿವೆ, ಒಳಕ್ಕಾಗಲಿ ಹೊರಕ್ಕಾಗಲಿ ವಾಲಿಲ್ಲ. ಸೋಲ್ ಮೇಲಿನ ಮೆತ್ತನೆಯ ಪದರವನ್ನು ಬದಿಯಿಂದ ಬೆರಳಲ್ಲಿ ಒತ್ತಿದರೆ ಇನ್ನೂ ಪುಟಿಯುತ್ತದೆ, ಆಳವಾದ ಸುಕ್ಕುಗಳಿಲ್ಲ. ಈ ಪದರ ಸಾಮಾನ್ಯವಾಗಿ ಕೆಳಗಿನ ರಬ್ಬರಿಗಿಂತ ಮೊದಲೇ ಸಾಯುತ್ತದೆ. ಅದಕ್ಕೇ ಅಡಿ ಚೆನ್ನಾಗಿ ಕಂಡರೂ ಕೆಲವು ಶೂಗಳಲ್ಲಿ ಮಂಡಿ ನೋಯುವುದು.

ವಾಕಿಂಗ್ ಶೂಗೆ ಸುಮಾರು 500ರಿಂದ 800 ಕಿ.ಮೀ. ಆಯಸ್ಸು ಅನ್ನುತ್ತಾರೆ. ಈ ಪ್ಲಾನ್ ಪೂರ್ತಿ ಸೇರಿದರೆ 120 ಕಿ.ಮೀ. ಆಸುಪಾಸು. ಅಂದರೆ ಹೊಸ ಶೂ ಹನ್ನೆರಡು ವಾರದಲ್ಲೇ ಒಂದು ಕಡೆ ಪೂರ್ತಿ ಸವೆದರೆ ಅದು ವಯಸ್ಸಿನ ಸವೆತ ಅಲ್ಲ. ಹೆಜ್ಜೆ ಇಡುವ ರೀತಿಯನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸುವುದು ಒಳ್ಳೆಯದು. ಆ ಶೂಗಳನ್ನೂ ಜೊತೆಗೆ ಒಯ್ಯಿರಿ.

ಮುಂದಿನ ತಿಂಗಳು ಇದೇ ದೂರ. ಹಳೇ ಜೋಡಿ ವಾರದ ಚಿಕ್ಕ ನಡಿಗೆಗೆ, ಹೊಸದು ಭಾನುವಾರಕ್ಕೆ. ಎರಡರ ನಾಲಿಗೆಯ ಒಳಬದಿಗೂ ಶುರುವಾದ ತಿಂಗಳನ್ನು ಮಾರ್ಕರ್‌ನಲ್ಲಿ ಬರೆದಿದ್ದೇನೆ.