ಐದನೇ ಫ್ಲ್ಯಾಟು, ಒಂದು ಟೇಪು

ಭಾನುವಾರ ಉತ್ತರಹಳ್ಳಿ ಸುತ್ತಮುತ್ತ ಐದನೇ ಫ್ಲ್ಯಾಟ್ ಹತ್ತುವಷ್ಟರಲ್ಲಿ ಸಂಜೆ ನಾಲ್ಕು. ಮೊದಲ ಸಲ ಮನೆ ಕೊಳ್ಳುತ್ತಿರುವ ಹುಡುಗಿಗೆ ಕಾಲು ಸೋತಿತ್ತು. "ಅಣ್ಣ, ಇದೇ ಇರಲಿ. ಚದರಡಿಗೆ 7,500 ಅಂತೆ, ಬೆಳಿಗ್ಗೆ ನೋಡಿದ್ದು 7,800 ಇತ್ತಲ್ಲ."

ಬ್ರೋಕರ್ ಜೇಬಿನಿಂದ ಟೇಪ್ ತೆಗೆದರು. "ಆ ತುದಿ ಹಿಡ್ಕೊಳಿ ಮೇಡಂ, ಬೆಳಿಗ್ಗೆ ಅಲ್ಲೂ ಅಳೆದ್ವಲ್ಲ."

ಇಲ್ಲಿ ಹೇಳಿದ್ದು 1,200 ಚದರಡಿ, ಅಂದರೆ 90 ಲಕ್ಷ. ಆದರೆ ಅದು ಸೂಪರ್ ಬಿಲ್ಟಪ್: ಲಿಫ್ಟು, ಮೆಟ್ಟಿಲು, ಲಾಬಿಯ ಪಾಲೂ ಅದರಲ್ಲೇ. ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ನಮ್ಮ ಬಳಕೆಗೆ ಸಿಗುವ ಜಾಗ; ರೇರಾ ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಒಳಗೋಡೆ ಸೇರುತ್ತದೆ. ಹೊರಗೋಡೆ, ಬಾಲ್ಕನಿ, ಪೈಪಿನ ಡಕ್ಟು ಸೇರುವುದಿಲ್ಲ. ರೂಮು ರೂಮು ಅಳೆದು ಕೂಡಿಸುವಾಗ ಒಳಗೋಡೆಯ ದಪ್ಪವೇ ಬಿಟ್ಟುಹೋಗುತ್ತದೆ. ಅವರು ಅದನ್ನೂ ಸೇರಿಸಿದರು. ಬಂದದ್ದು 810.

90 ಲಕ್ಷವನ್ನು 810ರಿಂದ ಭಾಗಿಸಿದರೆ ಚದರಡಿಗೆ ಸುಮಾರು 11,111. ಬೆಳಗಿನದು 1,100 ಚದರಡಿ, 85.8 ಲಕ್ಷ; ಕಾರ್ಪೆಟ್ ಮಾತ್ರ 825. ಅಲ್ಲಿಗೆ 10,400. ದರ ಹೆಚ್ಚಿದ್ದ ಮನೆಯಲ್ಲೇ ಜಾಗ ಹೆಚ್ಚು, ಒಟ್ಟು ದುಡ್ಡೂ ಕಡಿಮೆ! ದೊಡ್ಡ ಲಾಬಿ ನೋಡಿ ಖುಷಿಪಡುವಾಗ ಅದರ ಬಿಲ್ಲು ನಮ್ಮ ಹೆಸರಿಗೇ ಅಂತ ಯಾರಿಗೆ ಹೊಳೆಯುತ್ತೆ, ಹೇಳಿ.

ಹುಡುಗಿ ಬಾಗಿಲಲ್ಲೇ ಕೂತು ಚಪ್ಪಲಿ ಹಾಕಿಕೊಂಡಳು. "ಬೆಳಿಗ್ಗೆದಕ್ಕೆ ಓಸಿ ಇದೆಯಾ ಅಣ್ಣ?"

"ವಾಸಕ್ಕೆ ಅನುಮತಿ ಕೊಡೋ ಆ ಪತ್ರದ ಕಾಪಿ ಕೇಳಿದೀನಿ. ಅದು ಬರೋವರೆಗೂ ಟೋಕನ್ ಕೊಡ್ಬೇಡಿ. ಬನ್ನಿ, ಮೊದಲು ಕಾಫಿ ಕುಡಿಯೋಣ."