ಒಟಿಪಿ ಬಾರದ ಇಪ್ಪತ್ತನಾಲ್ಕು ಗಂಟೆ

ಹಾಸನದ ಬಸ್ ನಿಲ್ದಾಣದಲ್ಲಿ ನನ್ನ ಸೋದರಮಾವನ ಫೋನು ಕಳುವಾಯಿತು. ಫೋನು ಹಳೆಯದು, ಹೋದದ್ದಕ್ಕೆ ಯಾರೂ ಹೆಚ್ಚು ಮರುಗಲಿಲ್ಲ. ಆದರೆ ಅದರೊಳಗಿದ್ದ ಸಿಮ್ ಕಾರ್ಡು ಅವರ ಬದುಕಿನ ಎಷ್ಟು ಬಾಗಿಲುಗಳನ್ನು ತೆರೆಯಬಲ್ಲದು ಎಂಬುದು ಆ ಸಂಜೆಯ ಹೊತ್ತಿಗೆ ಒಂದೊಂದಾಗಿ ತಿಳಿಯತೊಡಗಿತು. ಮಾವ ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಮೊದಲ ಮೊಬೈಲು ಕೊಂಡಾಗ ಸಿಕ್ಕ ನಂಬರನ್ನೇ ಅವರು ಇಂದಿಗೂ ಉಳಿಸಿಕೊಂಡಿದ್ದಾರೆ. ಪಿಂಚಣಿ ಬರುವ ಬ್ಯಾಂಕು, ನಿವೃತ್ತಿಯ ಹಣವನ್ನು ಠೇವಣಿ ಇಟ್ಟಿರುವ ಇನ್ನೊಂದು ಬ್ಯಾಂಕು, ವಾಟ್ಸ್ಆ್ಯಪ್, ಜಿಮೇಲ್, ಆಧಾರ್, ಎಲ್ಲಕ್ಕೂ ಅದೇ ನಂಬರು. ಕಚೇರಿಯೊಂದರಲ್ಲಿ ಸಿಬ್ಬಂದಿಯ ಖಾತೆಗಳ ಭದ್ರತೆಯನ್ನು ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ಮನೆಯವರು ನನಗೆ ಫೋನು ಮಾಡಿದರು. ಮಾಡುವ ಹೊತ್ತಿಗೆ ಕಳುವಾಗಿ ಅರ್ಧ ದಿನ ಕಳೆದಿತ್ತು.

ಆ ಅರ್ಧ ದಿನದಲ್ಲಿ ಮಾವ ಸುಮ್ಮನೆ ಕೂತಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದರು, ಕಳುವಾದ ಫೋನುಗಳನ್ನು ತಡೆಯಲು ಸರ್ಕಾರ ನಡೆಸುವ ಸಿಇಐಆರ್ ಪೋರ್ಟಲಿನಲ್ಲಿ ಫೋನಿನ ಗುರುತಾದ ಐಎಂಇಐ ಸಂಖ್ಯೆಯನ್ನು ತಡೆಹಿಡಿಸಲು ಅರ್ಜಿಯನ್ನೂ ಹಾಕಿಸಿದ್ದರು. "ಫೋನಿಗೆ ಪಾಸ್‌ವರ್ಡ್ ಇದೆಯಪ್ಪಾ, ತೆಗೆಯೋಕೆ ಆಗಲ್ಲ" ಎಂದು ನನಗೂ ಧೈರ್ಯ ಹೇಳಿದರು. ಅವರು ಹೇಳಿದ್ದು ಫೋನಿನ ಮಟ್ಟಿಗೆ ನಿಜ. ಐಎಂಇಐ ತಡೆಯುವುದರಿಂದ ಆ ಫೋನು ಯಾವ ಸಿಮ್ ಹಾಕಿದರೂ ಕೆಲಸ ಮಾಡದಂತಾಗುತ್ತದೆ, ಪರದೆಯ ಬೀಗದಿಂದ ಅದರೊಳಗಿನ ಮಾಹಿತಿ ಉಳಿಯುತ್ತದೆ. ಆದರೆ ಸಿಮ್ ಕಾರ್ಡಿಗೆ ಇವೆರಡರಿಂದಲೂ ಏನೂ ಆಗುವುದಿಲ್ಲ. ಕಳ್ಳನು ಅದನ್ನು ಹೊರತೆಗೆದು ಬೇರೊಂದು ಫೋನಿಗೆ ಹಾಕಿದರೆ ಸಾಕು, ಮಾವನ ಹೆಸರಿಗೆ ಬರುವ ಪ್ರತಿಯೊಂದು ಕರೆ, ಪ್ರತಿಯೊಂದು ಒಟಿಪಿ ಅವನಿಗೇ ತಲುಪುತ್ತದೆ. ನಡೆದದ್ದೂ ಅದೇ.

ನಮಗೆ ಸುಳಿವು ಸಿಕ್ಕಿದ್ದು ವಾಟ್ಸ್ಆ್ಯಪ್‌ನಿಂದ. ಅತ್ತೆಯ ತಂಗಿಗೆ ಮಾವನ ನಂಬರಿನಿಂದ "ತುರ್ತಾಗಿ ಹದಿನೈದು ಸಾವಿರ ಬೇಕಿತ್ತು, ನಾಳೆ ಕೊಡುತ್ತೇನೆ" ಎಂಬ ಸಂದೇಶ ಬಂದಿತ್ತು. ಮಾವ ಕೇಳಿದ ಮೊದಲ ಪ್ರಶ್ನೆ, ಫೋನು ತೆರೆಯದೆ ಅವನಿಗೆ ಬಂಧುಗಳ ನಂಬರು ಹೇಗೆ ಸಿಕ್ಕಿತು ಎಂಬುದು. ವಾಟ್ಸ್ಆ್ಯಪ್ ಖಾತೆಯನ್ನು ಹೊಸ ಫೋನಿನಲ್ಲಿ ನೋಂದಾಯಿಸಲು ಆ ನಂಬರಿಗೆ ಬರುವ ಆರಂಕಿಯ ಕೋಡು ಸಾಕಾಗುತ್ತದೆ. ನೋಂದಣಿಯಾದಾಗ ಹಳೆಯ ಮಾತುಕತೆಗಳು ಕಾಣುವುದಿಲ್ಲ, ಆದರೆ ಆ ನಂಬರು ಯಾವ ಯಾವ ಗುಂಪಿನಲ್ಲಿದೆಯೋ ಆ ಗುಂಪುಗಳೆಲ್ಲ ಸದಸ್ಯರ ಸಮೇತ ಮತ್ತೆ ಮೂಡುತ್ತವೆ. ನಮ್ಮ ಕುಟುಂಬದ ಗುಂಪಿನಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ಒಂದೆರಡು ಹೊಸ ಸಂದೇಶ ಓದಿದರೆ ಯಾರಿಗಾದರೂ ತಿಳಿಯುವಂಥದ್ದು.

ಸಿಮ್ ಅನ್ನು ಮೊದಲು ನಿಲ್ಲಿಸಿ ಎಂದು ನಾನು ಹೇಳಿದೆ. ಮಗನ ಫೋನಿನಿಂದ ಮೊಬೈಲು ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ, ಹೆಸರು, ವಿಳಾಸ ಮುಂತಾದವನ್ನು ಒಪ್ಪಿಸಿ ನಂಬರನ್ನು ತಡೆಹಿಡಿಸಿದೆವು. ಆಮೇಲೆ ಎರಡೂ ಬ್ಯಾಂಕುಗಳ ಸಹಾಯವಾಣಿಗೆ ಕರೆ ಮಾಡಿ ಡೆಬಿಟ್ ಕಾರ್ಡು, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ಮುಚ್ಚಿಸಿದೆವು. ಹಣ ಹೋಗಿರಲಿಲ್ಲ. ಹೋಗಿದ್ದರೆ ಅದೇ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಬ್ಯಾಂಕಿಗೆ ತಿಳಿಸುವುದರಲ್ಲಿಯೂ ತಡಮಾಡುವಂತಿರಲಿಲ್ಲ, ಏಕೆಂದರೆ ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳದು ಎಂಬುದು ರಿಸರ್ವ್ ಬ್ಯಾಂಕು 2017ರಲ್ಲಿ ಹೊರಡಿಸಿದ ಸುತ್ತೋಲೆಯ ನಿಯಮ.

ಹಣ ಏಕೆ ಉಳಿಯಿತು ಎಂಬುದನ್ನು ಆ ರಾತ್ರಿ ಮಾವನಿಗೆ ವಿವರಿಸುತ್ತಾ ಹೋದಾಗ ನನಗೇ ಸ್ವಲ್ಪ ಗಾಬರಿಯಾಯಿತು. ಸಿಮ್ ಕೈಯಲ್ಲಿದ್ದವನು ಯುಪಿಐ ಆ್ಯಪೊಂದನ್ನು ಹಾಕಿಕೊಂಡರೆ, ಆ್ಯಪು ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸಿ ನಂಬರನ್ನು ಖಚಿತಪಡಿಸಿಕೊಳ್ಳುತ್ತದೆ. ಬ್ಯಾಂಕಿನ ಹೆಸರನ್ನು ಆರಿಸಿದರೆ ಆ ನಂಬರಿಗೆ ಜೋಡಿಸಿದ ಖಾತೆಯನ್ನು ತಾನೇ ಹುಡುಕಿ ತೋರಿಸುತ್ತದೆ. ಅಲ್ಲಿಂದ ಮುಂದೆ ಹೊಸ ಯುಪಿಐ ಪಿನ್ ಇಡಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿಗಳು, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಬೇಕು. ಕಾರ್ಡು ಮಾವನ ಜೇಬಿನಲ್ಲೇ ಇತ್ತು. ಆದರೆ ಆ ಕಾರ್ಡಿನ ಚಿತ್ರ ಗೂಗಲ್ ಫೋಟೋಸ್‌ನಲ್ಲಿತ್ತು, ಪ್ಯಾನ್ ಕಾರ್ಡಿನ ಪ್ರತಿ ಜಿಮೇಲಿನಲ್ಲಿತ್ತು, ಎರಡಕ್ಕೂ ಪಾಸ್‌ವರ್ಡು ಮರೆತಾಗ ನೆರವಾಗುವ ನಂಬರು ಕಳುವಾದ ನಂಬರೇ ಆಗಿತ್ತು. ಕಳ್ಳನಿಗೆ ಇಮೇಲ್ ವಿಳಾಸ ಗೊತ್ತಿರಲಿಲ್ಲ, ಅಥವಾ ಅಷ್ಟು ದೂರ ಯೋಚಿಸುವ ವ್ಯವಧಾನವಿರಲಿಲ್ಲ. ಉಳಿದದ್ದು ನಮ್ಮ ಜಾಗರೂಕತೆಯಿಂದಲ್ಲ. ಹಾಗಾಗಿ ಬ್ಯಾಂಕಿನ ಭದ್ರತೆಯ ಮಾತು ಬಂದಾಗ ನಾನು ಮೊದಲು ನೋಡುವುದು ಇಮೇಲನ್ನು.

ಮರುದಿನ ಬೆಳಿಗ್ಗೆ ಆಧಾರ್ ಪರಿಶೀಲನೆ ಮುಗಿಸಿ ಅದೇ ನಂಬರಿನ ಹೊಸ ಸಿಮ್ ಪಡೆದೆವು. ಕರೆಗಳು ಬಂದವು, ಇಂಟರ್ನೆಟ್ಟೂ ಬಂತು, ಒಟಿಪಿ ಮಾತ್ರ ಬರಲಿಲ್ಲ. ಸಿಮ್ ಬದಲಿಸಿದ ಮೇಲೆ ಇಪ್ಪತ್ತನಾಲ್ಕು ಗಂಟೆ ಎಸ್‌ಎಂಎಸ್ ಸೇವೆಯನ್ನು ತಡೆಹಿಡಿಯಬೇಕೆಂಬುದು ದೂರಸಂಪರ್ಕ ಇಲಾಖೆಯ ಆದೇಶ. ಬೇರೆಯವರ ಹೆಸರಿನಲ್ಲಿ ನಕಲಿ ದಾಖಲೆ ಕೊಟ್ಟು ಹೊಸ ಸಿಮ್ ಪಡೆಯುವ ವಂಚಕರನ್ನು ತಡೆಯಲು ಮಾಡಿದ ವ್ಯವಸ್ಥೆ ಇದು, ಮತ್ತು ನನ್ನ ಪ್ರಕಾರ ಒಳ್ಳೆಯ ವ್ಯವಸ್ಥೆ. ಫೋನಿನಲ್ಲಿ ಸಿಗ್ನಲ್ ಇದ್ದಕ್ಕಿದ್ದಂತೆ ಮಾಯವಾಗಿ, ಪಕ್ಕದವರ ಅದೇ ಕಂಪನಿಯ ಫೋನಿನಲ್ಲಿ ಇದ್ದರೆ, ಅಥವಾ ತಾವು ಕೇಳದ ಸಿಮ್ ಬದಲಾವಣೆಯ ಸಂದೇಶ ಬಂದರೆ, ಎಚ್ಚೆತ್ತುಕೊಳ್ಳಲು ಸಿಗುವ ಅವಕಾಶ ಆ ಒಂದು ದಿನವೇ. ಆದರೆ ಎಲ್ಲ ದಾರಿಗಳೂ ಒಂದೇ ನಂಬರಿನ ಮೂಲಕ ಹೋಗುವ ಮನುಷ್ಯನಿಗೆ ಅದೇ ನಿಯಮ ತನ್ನ ಮನೆಯಿಂದ ತನ್ನನ್ನೇ ಹೊರಗಿಟ್ಟಂತಾಗುತ್ತದೆ. ಜಿಮೇಲ್ ತೆರೆಯಲು ಹೋದರೆ ಪಾಸ್‌ವರ್ಡು ನೆನಪಿಲ್ಲ, ಏಕೆಂದರೆ ಅದನ್ನು ಫೋನು ನೆನಪಿಟ್ಟುಕೊಳ್ಳುತ್ತಿತ್ತು. ಮರೆತಿದ್ದೇನೆ ಎಂದರೆ ಕಳುವಾದ ಫೋನಿನ ಪರದೆಯಲ್ಲಿ ಒಪ್ಪಿಗೆ ಕೊಡಿ ಎನ್ನುತ್ತದೆ. ಅದೂ ಆಗದೆಂದರೆ ಎಸ್‌ಎಂಎಸ್ ಕಳಿಸುತ್ತೇನೆ ಎನ್ನುತ್ತದೆ. ತಿಜೋರಿಯ ಕೀಲಿಕೈಯನ್ನು ಅದೇ ತಿಜೋರಿಯೊಳಗಿಟ್ಟು ಬಾಗಿಲು ಹಾಕಿದಂತೆ ಆಗಿತ್ತು.

ವಾಟ್ಸ್ಆ್ಯಪ್ ಕೋಡನ್ನು ಕರೆಯ ಮೂಲಕವೂ ಹೇಳುವುದರಿಂದ ಅದನ್ನು ಮರಳಿ ಪಡೆಯಬಹುದೆಂದುಕೊಂಡೆವು. ಕರೆ ಬಂತು, ಕೋಡು ಹೊಂದಿತು, ಕಳ್ಳನ ಫೋನಿನಿಂದ ಖಾತೆ ಕಳಚಿತು. ಆದರೆ ನಂತರ ಪರದೆ ಒಂದು ಆರಂಕಿಯ ಪಿನ್ ಕೇಳಿತು. ಮಾವ ಎಂದೂ ಇಡದ ಎರಡು ಹಂತದ ದೃಢೀಕರಣದ ಪಿನ್ನನ್ನು ಕಳ್ಳ ಇಟ್ಟಿದ್ದ. ಇಂಥ ಸಂದರ್ಭದಲ್ಲಿ ಏಳು ದಿನ ಕಾಯದೆ ವಾಟ್ಸ್ಆ್ಯಪ್ ಒಳಗೆ ಬಿಡುವುದಿಲ್ಲ. ಅಷ್ಟು ದಿನವೂ ಬಂಧುಗಳಿಗೆಲ್ಲ ಅತ್ತೆಯ ಫೋನಿನಿಂದ ಒಬ್ಬೊಬ್ಬರಿಗೇ ಕರೆ ಮಾಡಿ ತಿಳಿಸಬೇಕಾಯಿತು.

ಎಲ್ಲವೂ ಸರಿಹೋದ ಮೇಲೆ ಒಂದು ಭಾನುವಾರ ಕೂತು ದಾರಿಗಳನ್ನು ಬೇರ್ಪಡಿಸಿದೆವು. ಬ್ಯಾಂಕಿಗೆ ಎರಡನೆಯ ನಂಬರು ಮಾಡಿಸಿ ಮನೆಯಲ್ಲಿ ಕೀಪ್ಯಾಡ್ ಫೋನಿನಲ್ಲಿಡಿ ಎಂಬ ಸಲಹೆಯನ್ನು ಬಹಳ ಮಂದಿ ಕೊಡುತ್ತಾರೆ. ಅದು ಅರ್ಧ ಮಾತ್ರ ನಡೆಯುತ್ತದೆ, ಏಕೆಂದರೆ ದಿನಬಳಕೆಯ ಯುಪಿಐ ಆ್ಯಪು ಇರುವ ಫೋನಿನಲ್ಲೇ ಬ್ಯಾಂಕಿಗೆ ಕೊಟ್ಟ ಸಿಮ್ ಇರಬೇಕು. ಆದ್ದರಿಂದ ನಾವು ನಂಬರಿನ ಬದಲು ಹಣವನ್ನೇ ಬೇರ್ಪಡಿಸಿದೆವು. ಪಿಂಚಣಿಯ ಖಾತೆ ಹಳೆಯ ನಂಬರಿನಲ್ಲೇ ಉಳಿಯಿತು, ಅದರಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರುತ್ತದೆ. ಠೇವಣಿ ಇರುವ ಬ್ಯಾಂಕಿಗೆ ಶಾಖೆಯಲ್ಲಿ ಅರ್ಜಿ ಕೊಟ್ಟು ಹೊಸ ನಂಬರು ನಮೂದಿಸಿದೆವು. ಆ ಸಿಮ್ ಮನೆಯ ಕೀಪ್ಯಾಡ್ ಫೋನಿನಲ್ಲಿದೆ, ಅದರಲ್ಲಿ ಯುಪಿಐ ಇಲ್ಲ, ಆ ನಂಬರನ್ನು ಮನೆಯವರ ಹೊರತು ಯಾರಿಗೂ ಕೊಟ್ಟಿಲ್ಲ. ಒಂದೇ ಎಚ್ಚರ, ಪ್ರೀಪೇಯ್ಡ್ ನಂಬರನ್ನು ತೊಂಬತ್ತು ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ಕಡಿದು, ಕೆಲ ಕಾಲದ ನಂತರ ಬೇರೊಬ್ಬರಿಗೆ ಕೊಡಬಹುದು. ಮರೆತ ನಂಬರಿಗೆ ಬ್ಯಾಂಕು ಕಳಿಸುವ ಒಟಿಪಿ ಆಗ ಗುರುತಿಲ್ಲದವರ ಕೈಗೆ ಹೋಗುತ್ತದೆ. ಅತ್ತೆಯೇ ರೀಚಾರ್ಜು ನೋಡಿಕೊಳ್ಳುತ್ತಾರೆ, ವಾರಕ್ಕೊಮ್ಮೆ ಅದರಿಂದ ತಂಗಿಗೆ ಕರೆಯನ್ನೂ ಮಾಡುತ್ತಾರೆ.

ಇಮೇಲಿಗೆ ಹೆಚ್ಚು ಹೊತ್ತು ಹಿಡಿಯಿತು. ಗೂಗಲ್ ಖಾತೆಯಲ್ಲಿ ನಂಬರು ಎರಡು ಕಡೆ ಕೂತಿರುತ್ತದೆ: ಖಾತೆ ಮರಳಿ ಪಡೆಯುವ ನಂಬರಾಗಿ ಒಂದು ಕಡೆ, ಎರಡನೆಯ ಹಂತದ ದೃಢೀಕರಣಕ್ಕೆ ಇನ್ನೊಂದು ಕಡೆ. ಒಂದನ್ನು ತೆಗೆದು ಇನ್ನೊಂದನ್ನು ಬಿಟ್ಟರೆ ದಾರಿ ತೆರೆದೇ ಇರುತ್ತದೆ. ಎರಡೂ ಕಡೆಯಿಂದ ಹಳೆಯ ನಂಬರನ್ನು ತೆಗೆದೆವು, ದೃಢೀಕರಣಕ್ಕೆ ಎಸ್‌ಎಂಎಸ್ ಇಲ್ಲದೆ ಫೋನಿನಲ್ಲೇ ಕೋಡು ತೋರಿಸುವ ಆಥೆಂಟಿಕೇಟರ್ ಆ್ಯಪು ಹಾಕಿದೆವು. ಆ್ಯಪೂ ಅದೇ ಫೋನಿನಲ್ಲಿರುವುದರಿಂದ ಫೋನು ಹೋದರೆ ಅದೂ ಹೋಗುತ್ತದೆ. ಅದಕ್ಕಾಗಿ ಗೂಗಲ್ ಕೊಡುವ ಎಂಟಂಕಿಯ ಹತ್ತು ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು, ಪಾಸ್‌ವರ್ಡನ್ನೂ ಬೇರೆ ಹಾಳೆಯಲ್ಲಿ ಬರೆದು ಬೀರುವಿನಲ್ಲಿಟ್ಟೆವು. ಮರುಪಡೆಯುವ ಇಮೇಲಾಗಿ ಮಾವ ತಮ್ಮದೇ ಹಳೆಯ ಇನ್ನೊಂದು ವಿಳಾಸ ಸೂಚಿಸಿದರು. ಅದರ ಮರುಪಡೆಯುವ ವಿಳಾಸ ಮೊದಲನೆಯದೇ ಆಗಿತ್ತು, ನಂಬರೂ ಅದೇ. ಅಲ್ಲದೆ ಎರಡು ವರ್ಷ ತೆರೆಯದ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದು. ಹಾಗಾಗಿ ಬೆಂಗಳೂರಿನಲ್ಲಿರುವ ಮಗಳ ವಿಳಾಸ ಕೊಟ್ಟೆವು.

ವಾಟ್ಸ್ಆ್ಯಪ್‌ಗೆ ಪಿನ್ ಇಟ್ಟದ್ದು ನಿಮಿಷದ ಕೆಲಸ. ಸಿಮ್‌ಗೂ ಪಿನ್ ಇಟ್ಟೆವು, ಇದನ್ನು ಬೇರೆ ಫೋನಿಗೆ ಹಾಕಿದರೆ ಪಿನ್ ಇಲ್ಲದೆ ಅದು ಏಳುವುದಿಲ್ಲ. ಮೊದಲ ಸಲ ಇಡುವಾಗ ಕಂಪನಿಯ ಮೂಲ ಪಿನ್ ಕೇಳುತ್ತದೆ. ಊಹಿಸಿ ಮೂರು ಸಲ ತಪ್ಪಿದರೆ ಸಿಮ್ ಬೀಗ ಹಾಕಿಕೊಂಡು, ಆ ಬೀಗ ತೆಗೆಯುವ ಪಿಯುಕೆ ಎಂಬ ಕೋಡು ಕೇಳುತ್ತದೆ, ಆದ್ದರಿಂದ ಮುಂಚೆ ವಿಚಾರಿಸಿಕೊಳ್ಳಬೇಕು. ಮಾವನ ಪ್ರಕರಣದಲ್ಲಿ ಇದೊಂದೇ ಇದ್ದಿದ್ದರೂ ಕಳ್ಳನ ಕೈ ಕಟ್ಟುತ್ತಿತ್ತು. ಆದರೆ ವಂಚಕನು ಕಂಪನಿಯಿಂದಲೇ ನಿಮ್ಮ ಹೆಸರಿನ ಹೊಸ ಸಿಮ್ ಪಡೆದರೆ ಹಳೆಯದರ ಪಿನ್ ಯಾವ ಕೆಲಸಕ್ಕೂ ಬಾರದು.

ಕೊನೆಗೆ ಉಳಿದದ್ದು ಆಧಾರ್. ಯುಪಿಐ ಪಿನ್ನನ್ನು ಕಾರ್ಡಿನ ಬದಲು ಆಧಾರ್ ಒಟಿಪಿಯಿಂದಲೂ ಇಡಬಹುದು, ಅದಕ್ಕೆ ಬ್ಯಾಂಕಿನ ನಂಬರೂ ಆಧಾರಿನ ನಂಬರೂ ಒಂದೇ ಆಗಿರಬೇಕು. ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಮನೆಯ ನಂಬರಿಗೆ ಬದಲಿಸಿದರೆ ದಿನಬಳಕೆಯ ಖಾತೆಗೆ ಆ ಅಡ್ಡದಾರಿ ಮುಚ್ಚುತ್ತದೆ. ಹೊರಗಿದ್ದಾಗ ಆಧಾರ್ ಒಟಿಪಿ ಬೇಕಾದರೆ ಮನೆಗೆ ಫೋನು ಮಾಡಬೇಕಾಗುತ್ತದೆ ಎಂದು ಮಾವ ಗೊಣಗಿದರು. ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ತಾನೇ ಕಲಿಸಿದ ಮೇಲೆ ಅತ್ತೆಗೆ ಏನು ಹೇಳುವುದು ಎಂದೂ ಕೇಳಿದರು. ಆಧಾರ್ ಬೇಕಾಗುವ ಕೆಲಸಗಳನ್ನು ಮನೆಗೆ ಬಂದು ಮಾಡಿ ಎಂದೆ. ಒಪ್ಪಿದರು, ಆದರೆ ಕೇಂದ್ರಕ್ಕೆ ಹೋಗುವ ದಿನವನ್ನು ಇನ್ನೂ ಗೊತ್ತುಮಾಡಿಲ್ಲ.