ಫಾರ್ವರ್ಡ್ ರೋಲ್‌ಓವರ್ ಮಾಡಿದ ದಿನ ಸಿಸಿ ಖಾತೆ ಖಾಲಿಯಾಯಿತು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಫ್ತು ಮಾಡುವ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ನನ್ನ ಕೈಯಲ್ಲಿದೆ. 2024ರ ಡಿಸೆಂಬರ್ 27ರ ಶುಕ್ರವಾರ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ.

ಸೆಪ್ಟೆಂಬರ್‌ನಲ್ಲಿ 60,000 ಡಾಲರ್‌ನ ಒಂದು ಆರ್ಡರ್‌ಗೆ 84.05ರ ದರದಲ್ಲಿ ಫಾರ್ವರ್ಡ್ ಬುಕ್ ಮಾಡಿದ್ದೆವು, ಅಂದರೆ ಗಡುವಿನ ದಿನ ಆ ಡಾಲರನ್ನು ಅದೇ ದರಕ್ಕೆ ಬ್ಯಾಂಕಿಗೆ ಮಾರುವ ಒಪ್ಪಂದ. ಗಡುವು ಡಿಸೆಂಬರ್ 27. ಗಡುವಿಗೆ ಒಂದು ವಾರ ಇರುವಾಗ ಬಯರ್ ಇಮೇಲ್ ಬಂತು: ಹಣ ಫೆಬ್ರವರಿ ಕೊನೆಗೆ ಹಾಕುತ್ತೇವೆ. ನಾನು ಗಾಬರಿಯಾಗಲಿಲ್ಲ. ಎಫ್‌ಡಿ ನವೀಕರಿಸಿದ ಹಾಗೆ ಬ್ಯಾಂಕಿನವರು ತಾರೀಖು ಬದಲಿಸಿ ಕೊಡುತ್ತಾರೆ, 84.05 ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಸಂಸ್ಥೆಯ ಮಾಲೀಕರಾದ ಸಾವಕಾರರಿಗೂ ಹಾಗೇ ಹೇಳಿದೆ. ತಪ್ಪು ಆಗಿದ್ದು ಅಲ್ಲೇ.

ಹಳೇ ದರಕ್ಕೆ ಮುಂದೂಡಲು ಬ್ಯಾಂಕಿಗೆ ಅವಕಾಶವೇ ಇಲ್ಲ. ಹಳೇ ಕಾಂಟ್ರ್ಯಾಕ್ಟನ್ನು ಆ ದಿನದ ದರಕ್ಕೆ ಕ್ಯಾನ್ಸಲ್ ಮಾಡಿ, ಆ ದಿನದ ದರಕ್ಕೇ ಹೊಸದಾಗಿ ಬುಕ್ ಮಾಡಬೇಕು. ರೋಲ್‌ಓವರ್ ಅಂದರೆ ಇದೇ. ವ್ಯತ್ಯಾಸದ ಹಣ ಅವತ್ತೇ ಚುಕ್ತಾ ಆಗಬೇಕು. ಕ್ಯಾನ್ಸಲ್ ಅಂದರೆ ನಾವು ಮಾರಿದ್ದ ಡಾಲರನ್ನು ಬ್ಯಾಂಕಿನಿಂದ ವಾಪಸ್ ಕೊಂಡ ಹಾಗೆ. ಹಾಗಾಗಿ ಬ್ಯಾಂಕಿನ ಮಾರಾಟ ದರ ಲೆಕ್ಕಕ್ಕೆ ಬರುತ್ತದೆ.

ಅವತ್ತು ಬೆಳಿಗ್ಗೆ ರೂಪಾಯಿ ಜಾರುತ್ತಲೇ ಇತ್ತು. ಬ್ಯಾಂಕಿನಲ್ಲಿ ನಮ್ಮ ಖಾತೆ ನೋಡುವ ಆರ್‌ಎಂ, ದರ ಹೇಳುವ ಡೀಲಿಂಗ್ ರೂಮನ್ನು ಇನ್ನೊಂದು ಫೋನಿನಲ್ಲಿ ಹಿಡಿದುಕೊಂಡು, "ಕ್ಯಾನ್ಸಲ್ 85.48 ಐತ್ರಿ ಸರ್, ಡನ್ ಅಂತೀರೇನ್ರಿ?" ಅಂದರು. 84.05 ಹಾಗೇ ಉಳಿಯುತ್ತದೆ ಅಂತ ಕಾದಿದ್ದವನಿಗೆ ಏನು ಹೇಳಬೇಕೋ ತೋಚಲಿಲ್ಲ. "ಒಂದ್ ನಿಮಿಷ ತಡೀರಿ" ಅಂತ ಕ್ಯಾಲ್ಕುಲೇಟರ್ ಒತ್ತಿದೆ. ಲೆಕ್ಕ ಮುಗಿಯುವಷ್ಟರಲ್ಲಿ 85.60 ಆಗಿತ್ತು. ಡನ್ ಅಂದೆ. ಡಾಲರ್‌ಗೆ 1.55ರಂತೆ 93,000 ರೂಪಾಯಿ ಸಿಸಿ ಖಾತೆಯಿಂದ, ಅಂದರೆ ವ್ಯಾಪಾರಕ್ಕೆಂದು ಬ್ಯಾಂಕ್ ಕೊಟ್ಟ ಸಾಲದ ಲಿಮಿಟ್‌ನಿಂದ, ಹೋಯಿತು. ಹೊಸ ಕಾಂಟ್ರ್ಯಾಕ್ಟ್ ಫೆಬ್ರವರಿ 27ಕ್ಕೆ, 85.75ರ ದರದಲ್ಲಿ.

ಇಲ್ಲಿ ಸೋಮವಾರ ಮತ್ತು ಗುರುವಾರ ಮಾರುಕಟ್ಟೆ. ಹೊಸ ಫಸಲು ಬರುವ ಹೊತ್ತು. ಲಿಮಿಟ್‌ನಲ್ಲಿ ಉಳಿದಿದ್ದ ಅಷ್ಟಿಷ್ಟನ್ನು ಸಾವಕಾರರು ಸೋಮವಾರದ ಖರೀದಿಗೆ ಎತ್ತಿಟ್ಟಿದ್ದರು. "ಏನ್ರೀ ಇದು, ತಾರೀಖು ಬದ್ಲಿ ಮಾಡಾಕ ಲಕ್ಷ ರೂಪಾಯಿ ಏನ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಮವಾರ ಅವರು ದಲಾಲರ ಮುಂದೆ ನಿಂತು ಹಣಕ್ಕೆ ಎರಡು ದಿನ ತಡೆಯಿರಿ ಅಂತ ಕೇಳಬೇಕಾಯಿತು. ಅದು ನನ್ನಿಂದ ಆಗಿದ್ದು.

ಅವತ್ತು ರಾತ್ರಿ ಕೂತು ಲೆಕ್ಕ ಬಿಡಿಸಿದೆ. ಹೊಸ ದರದಲ್ಲಿ 51,45,000 ಬರುತ್ತದೆ. ಅದರಲ್ಲಿ 93,000 ಕಳೆದರೆ 50,52,000. ಹಳೇ ದರದಲ್ಲೇ ಹಣ ಬಂದಿದ್ದರೆ 50,43,000. ಅಂದರೆ ಆ 93,000 ಮುಳುಗಿದ ಹಣವಲ್ಲ, ಎರಡು ತಿಂಗಳು ಮೊದಲೇ ಕೈಯಿಂದ ಹೋದ ಹಣ. ಬ್ಯಾಂಕಿನ ಕೊಳ್ಳುವ ದರಕ್ಕೂ ಮಾರುವ ದರಕ್ಕೂ 15 ಪೈಸೆ ಅಂತರ ಇತ್ತು, ಅದರಲ್ಲಿ 9,000 ಹೋಯಿತು. ಮುಂದಿನ ತಾರೀಖಿಗೆ ಡಾಲರ್ ಮಾರಿದ್ದಕ್ಕೆ ಅವತ್ತಿನ ದರದ ಮೇಲೆ ಎರಡು ತಿಂಗಳ ಪ್ರೀಮಿಯಂ 30 ಪೈಸೆ ಸಿಕ್ಕಿತು, ಅದರಿಂದ 18,000 ಬಂತು. ಬ್ಯಾಂಕ್ ಚಾರ್ಜು ಚಿಲ್ಲರೆ.

ನಿಜವಾದ ಪೆಟ್ಟು ಬೇರೆ ಕಡೆ ಇತ್ತು. ಐವತ್ತು ಲಕ್ಷ ಎರಡು ತಿಂಗಳು ತಡವಾದರೆ ಶೇ. 10ರ ಬಡ್ಡಿಯಲ್ಲಿ ಸುಮಾರು 84,000 ಆಗುತ್ತದೆ. ಇದು ಬ್ಯಾಂಕಿನ ಡೆಬಿಟ್ ಚೀಟಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಬಯರ್ ಹತ್ತಿರ ಯಾರೂ ಕೇಳುವುದೂ ಇಲ್ಲ. ನಾವೂ ಕೇಳಿರಲಿಲ್ಲ.

ಆರ್ಡರ್ರೇ ರದ್ದಾಗಿದ್ದರೆ ಮಾತು ಬೇರೆ. ಆಗ ರೀಬುಕ್ ಮಾಡಲು ಬರುವ ಡಾಲರ್ ಇರುತ್ತಿರಲಿಲ್ಲ. 93,000 ಪೂರ್ತಿ ನಷ್ಟ.

ಫೆಬ್ರವರಿ ಕೊನೆಗೆ ಡಾಲರ್ 87 ದಾಟಿದಾಗ ಸಾವಕಾರರು, ಸುಮ್ನೆ ಕ್ಯಾನ್ಸಲ್ ಮಾಡಿ ಬಿಟ್ಟಿದ್ದರೆ ಜಾಸ್ತಿ ಸಿಗುತ್ತಿತ್ತಲ್ಲ ಅಂದರು. ಹೌದು, ಸಿಗುತ್ತಿತ್ತು. ಆದರೆ 84ಕ್ಕೆ ಇಳಿದಿದ್ದರೆ 93,000 ಕೊಟ್ಟ ಮೇಲೆ ದರದಲ್ಲೂ ಏಟು ತಿನ್ನುತ್ತಿದ್ದೆವು. ನಾವು ಮೆಣಸಿನಕಾಯಿ ವ್ಯಾಪಾರದವರು, ಡಾಲರ್ ವ್ಯಾಪಾರದವರಲ್ಲ ಅಂತ ಹೇಳಿದೆ. ಅದನ್ನು ಈಗಲೂ ಹೇಳುತ್ತೇನೆ.

ಗಡುವಿನ ದಿನ ಬ್ಯಾಂಕಿಗೆ ಏನೂ ಹೇಳದೆ ಸುಮ್ಮನಿರುವುದು ಇನ್ನೂ ಕೆಟ್ಟದ್ದು. ಮೂರು ಕೆಲಸದ ದಿನದೊಳಗೆ ಬ್ಯಾಂಕೇ ಕ್ಯಾನ್ಸಲ್ ಮಾಡುತ್ತದೆ. ನಷ್ಟವಾದರೆ ನಮ್ಮಿಂದ ವಸೂಲಿ, ಲಾಭವಾದರೆ ನಮಗೆ ಸಿಗುವುದಿಲ್ಲ ಅಂತ ನಮ್ಮ ಬ್ಯಾಂಕಿನ ಷರತ್ತಿನಲ್ಲೇ ಇದೆ. ಅದಕ್ಕೆ ನಾನು ಸಹಿ ಹಾಕಿಸಿದ್ದೆ, ಓದಿರಲಿಲ್ಲ.

ಈಗ ಗಡುವಿಗೆ ಹದಿನೈದು ದಿನ ಮೊದಲೇ ಬಯರ್‌ಗೆ ಬರೆದು ಹಣದ ತಾರೀಖು ಖಚಿತ ಮಾಡಿಕೊಳ್ಳುತ್ತೇನೆ. ಆ ಬಯರ್ ಹಿಂದೆ ಎಷ್ಟು ದಿನ ತಡ ಮಾಡಿದ್ದಾನೆ ಅಂತ ನೋಡಿಯೇ ಗಡುವು ಹಾಕಿಸುತ್ತೇನೆ, ಇನ್‌ವಾಯ್ಸ್ ತಾರೀಖು ನೋಡಿ ಅಲ್ಲ. ಫಾರ್ವರ್ಡ್ ರಿಜಿಸ್ಟರಿನಲ್ಲಿ ಒಂದು ಕಾಲಂ ಹೊಸದಾಗಿ ಸೇರಿಸಿದ್ದೇನೆ: ಇವತ್ತು ಕ್ಯಾನ್ಸಲ್ ಮಾಡಿದರೆ ಎಷ್ಟು ಕಟ್ಟಬೇಕು. ಪ್ರತಿ ಶುಕ್ರವಾರ ಅದನ್ನು ತುಂಬಿ, ಸೋಮವಾರದ ಖರೀದಿ ನಿರ್ಧಾರ ಆಗುವ ಮೊದಲು ಸಾವಕಾರರ ಟೇಬಲ್ ಮೇಲೆ ಇಡುತ್ತೇನೆ.